‘ಮನೆ ಮಗಳ ಹಾಗೆ’ ಎಂಬ ಮಾತು ಸಾಲದು, ಕಾಗದ ಬೇಕು



‘ಲಂಡನ್‌ನಲ್ಲಿ ಒಂದು ಮನೆ ಉಂಟು. ವಯಸ್ಸಾದವರನ್ನು ನೋಡಿಕೊಳ್ಳಬೇಕು. ರೂಮ್, ಊಟ ಎಲ್ಲ ಅವರದ್ದೇ. ಜನ ಒಳ್ಳೆಯವರು, ನಮ್ಮವರೇ. ಹೋಗಬಹುದಾ?’ ಇಂಥ ಪ್ರಶ್ನೆ ನಮ್ಮ ಕಿವಿಗೆ ಬೀಳುವುದು ಹೊಸದಲ್ಲ. ಕೇಳುವವರು ಕೆಲವೊಮ್ಮೆ ಇಲ್ಫರ್ಡ್, ಈಸ್ಟ್ ಹ್ಯಾಮ್ ಕಡೆ ಈಗಾಗಲೇ ಇರುವ ನಮ್ಮ ತಂಗಿಯಂದಿರು. ಕೆಲವೊಮ್ಮೆ ಬಂಟ್ವಾಳದಲ್ಲೋ ಉಳ್ಳಾಲದಲ್ಲೋ ಕೂತು ಮಗನ ಭವಿಷ್ಯದ ಲೆಕ್ಕ ಹಾಕುವ ತಂದೆ ತಾಯಿ. ಎಲ್ಲರೂ ತಿಳಿಯಬಯಸುವುದು ಒಂದೇ: ಜನ ಒಳ್ಳೆಯವರಾ?

ಈ ಪ್ರಶ್ನೆ ತಪ್ಪಲ್ಲ, ಆದರೆ ಸಾಲದು. ಒಳ್ಳೆಯ ಜನರ ಮನೆಯಲ್ಲೂ ಕಡಿಮೆ ಸಂಬಳಕ್ಕೆ ಹಗಲು ರಾತ್ರಿ ದುಡಿದು ಸೊಂಟ ಮುರಿದುಕೊಳ್ಳಲು ಸಾಧ್ಯ. ನಂಬುವಂಥ ಮನೆ ಯಾವುದು ಅಂತ ತಿಳಿಯಲು ಮೂರು ವಿಷಯ ನೋಡಬೇಕು. ಈ ಕೆಲಸ ಮಾಡಲು ನನ್ನ ವೀಸಾ ಬಿಡುತ್ತದಾ? ಸಂಬಳ ಯಾರು, ಯಾವ ಕಾಗದದ ಮೇಲೆ ಕೊಡುತ್ತಾರೆ? ಆ ರೋಗಿಯನ್ನು ನೋಡಿಕೊಳ್ಳುವ ಕೆಲಸ ನನಗೆ ಯಾರು ಕಲಿಸುತ್ತಾರೆ? ಈ ಸಂಚಿಕೆಯಲ್ಲಿ ಇದನ್ನೇ ಒಂದೊಂದಾಗಿ ಹೇಳುತ್ತೇವೆ.

ಮೊದಲು ವೀಸಾ. ಬ್ರಿಟನ್ ಸರ್ಕಾರ 2022ರ ಫೆಬ್ರವರಿಯಲ್ಲಿ ಕೇರ್ ವರ್ಕರ್‌ಗಳಿಗೆ ಹೊರದೇಶದಿಂದ ಬರುವ ದಾರಿ ತೆರೆಯಿತು. 2024ರ ಮಾರ್ಚ್ 11ರಿಂದ ಹೆಂಡತಿ, ಗಂಡ, ಮಕ್ಕಳನ್ನು ಜೊತೆಗೆ ತರುವುದನ್ನು ನಿಲ್ಲಿಸಿತು. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಕೇರ್ ವರ್ಕರ್ ಆಗಿ ಬರುವ ದಾರಿಯನ್ನೇ ಮುಚ್ಚಿತು. ಈಗಾಗಲೇ ಬ್ರಿಟನ್ ಒಳಗೆ ಇರುವವರಿಗೆ ಮಾತ್ರ ಕೆಲವು ಷರತ್ತುಗಳ ಮೇಲೆ 2028ರ ಜುಲೈ 22ರ ತನಕ ಅವಕಾಶ ಇಟ್ಟಿದೆ. ಹಾಗಾಗಿ ಇವತ್ತು ಮಂಗಳೂರಿನಲ್ಲೋ ದುಬೈಯಲ್ಲೋ ಕೂತು ‘ಲಂಡನ್ ಕೇರರ್ ವೀಸಾ ಮಾಡಿಸಿ ಕೊಡ್ತೇನೆ, ಇಷ್ಟು ಲಕ್ಷ ಕೊಡಿ’ ಅನ್ನುವವನು ಇಲ್ಲದ ಸರಕನ್ನು ಮಾರುತ್ತಿದ್ದಾನೆ. ಅವನು ನಮ್ಮ ಜಮಾತಿನವನೇ ಆಗಿದ್ದರೂ ಉತ್ತರ ಒಂದೇ.

ದಾರಿ ತೆರೆದಿದ್ದಾಗಲೂ ಏನಾಯಿತು ಅಂತ ನೆನಪಿರಲಿ. 2022ರ ಜುಲೈಯಿಂದ 2024ರ ಡಿಸೆಂಬರ್ ಒಳಗೆ ಕೇರ್ ಕ್ಷೇತ್ರದಲ್ಲಿ 470ಕ್ಕೂ ಹೆಚ್ಚು ಸ್ಪಾನ್ಸರ್ ಲೈಸೆನ್ಸ್‌ಗಳನ್ನು ಸರ್ಕಾರ ರದ್ದು ಮಾಡಿತು. ಆ ಕಂಪೆನಿಗಳ ಜೊತೆ ಸಂಬಂಧ ಇದ್ದ ಕೆಲಸಗಾರರ ಸಂಖ್ಯೆ 39,000ಕ್ಕಿಂತ ಹೆಚ್ಚು. ಕಂಪೆನಿಯ ಲೈಸೆನ್ಸ್ ಹೋದರೆ ಕೆಲಸಗಾರನಿಗೆ ಸಾಮಾನ್ಯವಾಗಿ 60 ದಿನದ ನೋಟಿಸ್ ಬರುತ್ತದೆ. ಅಷ್ಟರಲ್ಲಿ ಹೊಸ ಸ್ಪಾನ್ಸರ್ ಸಿಗಬೇಕು, ಇಲ್ಲವಾದರೆ ಹೊರಡಬೇಕು. ಸಾಲ ಮಾಡಿ ಹೋದವನ ಸಾಲ ಮಾತ್ರ ಊರಲ್ಲೇ ಉಳಿಯುತ್ತದೆ.

ಹಾಗಾದರೆ ಈ ಕೆಲಸ ಯಾರು ಮಾಡಬಹುದು? ಬ್ರಿಟನ್‌ನಲ್ಲಿ ಕೆಲಸ ಮಾಡುವ ಹಕ್ಕು ಈಗಾಗಲೇ ಇರುವವರು. ಗಂಡನ ಅಥವಾ ಹೆಂಡತಿಯ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದವರು, ಓದು ಮುಗಿಸಿ ಗ್ರಾಜುಯೇಟ್ ವೀಸಾದಲ್ಲಿ ಇರುವವರು, ಕಾಯಂ ವಾಸದ ಅನುಮತಿ ಸಿಕ್ಕಿದವರು ಮಾಡಬಹುದು. ಡಿಗ್ರಿ ಮಟ್ಟದ ಕೋರ್ಸ್‌ನಲ್ಲಿರುವ ವಿದ್ಯಾರ್ಥಿ ತರಗತಿ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾಡಬಹುದು. ಆದರೆ ಅವನಿಗೆ ಸ್ವಂತ ಉದ್ಯೋಗ, ಅಂದರೆ ಸೆಲ್ಫ್ ಎಂಪ್ಲಾಯ್ಡ್ ಕೆಲಸ ನಿಷಿದ್ಧ. ‘ನೀನು ಸೆಲ್ಫ್ ಎಂಪ್ಲಾಯ್ಡ್ ಅಂತ ಬರೆದುಬಿಡು, ಕ್ಯಾಶ್ ಕೊಡ್ತೇವೆ’ ಅಂತ ಮನೆಯವರು ಹೇಳಿದರೆ ಅದರಲ್ಲಿ ಅವರಿಗೆ ಟ್ಯಾಕ್ಸ್ ಉಳಿತಾಯ ಆಗಬಹುದು, ವಿದ್ಯಾರ್ಥಿಗೆ ವೀಸಾವೇ ಹೋಗಬಹುದು. ವಿಸಿಟ್ ವೀಸಾದವರು ಒಂದು ದಿನವೂ ಕೆಲಸ ಮಾಡುವಂತಿಲ್ಲ. ಸಂಬಂಧಿಕರ ಮನೆಯಲ್ಲೂ ಇಲ್ಲ.

ಇನ್ನು ಎರಡನೆಯದು, ಸಂಬಳ ಕೊಡುವವರು ಯಾರು ಅನ್ನುವುದು.

ಲಂಡನ್‌ನಲ್ಲಿ ಮನೆಗೆ ಹೋಗಿ ಕೇರ್ ಮಾಡುವ ಕೆಲಸ ಎರಡು ಬಾಗಿಲಿನಿಂದ ಬರುತ್ತದೆ. ಒಂದು ಏಜೆನ್ಸಿಯ ಬಾಗಿಲು. ಸ್ನಾನ, ಶೌಚ, ಊಟ ಮಾಡಿಸುವುದು ಮುಂತಾದ ಸೇವೆ ಕೊಡುವ ಏಜೆನ್ಸಿ ಇಂಗ್ಲೆಂಡಿನಲ್ಲಿ ಕೇರ್ ಕ್ವಾಲಿಟಿ ಕಮಿಷನ್‌ನಲ್ಲಿ ನೋಂದಾಯಿಸಿರಲೇಬೇಕು, ನೋಂದಾಯಿಸದೆ ನಡೆಸುವುದು ಅಪರಾಧ. cqc.org.uk ತೆರೆದು ಏಜೆನ್ಸಿಯ ಹೆಸರು ಹಾಕಿದರೆ ವಿಳಾಸ, ಮ್ಯಾನೇಜರ್ ಹೆಸರು, ತಪಾಸಣೆ ಆಗಿದ್ದರೆ ಅದರ ವರದಿ ಕಾಣುತ್ತದೆ. ರೇಟಿಂಗ್ ಮಾತ್ರ ನೋಡಿ ಬಿಡಬೇಡಿ. ವರದಿಯಲ್ಲಿ ಸಿಬ್ಬಂದಿ ಬಗ್ಗೆ ಬರೆದದ್ದನ್ನು ಓದಿ. ಕೆಲಸಗಾರರಿಗೆ ತರಬೇತಿ ಸಿಗುತ್ತದಾ, ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಸಮಯ ಕೊಡುತ್ತಾರಾ ಅನ್ನುವುದರ ಸುಳಿವು ಅಲ್ಲಿ ಸಿಗಬಹುದು. ಮನೆಯಿಂದ ಮನೆಗೆ ಬಸ್ಸಿನಲ್ಲಿ ಹೋಗುವ ಸಮಯವೂ ಕನಿಷ್ಠ ವೇತನದ ಲೆಕ್ಕಕ್ಕೆ ಬರುವ ಕೆಲಸದ ಸಮಯವೇ. ರೋಗಿಯ ಮನೆಯೊಳಗಿನ ನಿಮಿಷಗಳನ್ನು ಮಾತ್ರ ಎಣಿಸುವ ಏಜೆನ್ಸಿ ಇದ್ದರೆ, ತಿಂಗಳ ಒಟ್ಟು ಸಂಬಳವನ್ನು ಪ್ರಯಾಣವೂ ಸೇರಿದ ಒಟ್ಟು ಗಂಟೆಗಳಿಂದ ಭಾಗಿಸಿ ನೋಡಿ. ನಿಜವಾದ ರೇಟು ತಿಳಿಯುತ್ತದೆ.

ಇನ್ನೊಂದು, ಮನೆಯವರು ನೇರವಾಗಿ ಕೆಲಸಕ್ಕೆ ಇಟ್ಟುಕೊಳ್ಳುವುದು. ಕೆಲವರು ಸ್ವಂತ ಹಣದಿಂದ ಕೊಡುತ್ತಾರೆ. ಕೆಲವರಿಗೆ ಕೌನ್ಸಿಲ್‌ನಿಂದ ‘ಡೈರೆಕ್ಟ್ ಪೇಮೆಂಟ್’ ಅಂತ ಹಣ ಬರುತ್ತದೆ. ಇಲ್ಲಿ ಆ ಮನೆಯೇ ನಿಮ್ಮ ಯಜಮಾನ, ಹಾಗಾಗಿ ಯಜಮಾನನ ಜವಾಬ್ದಾರಿಯೂ ಆ ಮನೆಯದ್ದೇ. ಅಗತ್ಯವಿದ್ದಲ್ಲಿ ಟ್ಯಾಕ್ಸ್ ಇಲಾಖೆಯಲ್ಲಿ ಉದ್ಯೋಗದಾತರಾಗಿ ನೋಂದಾಯಿಸಬೇಕು, ಕೆಲಸಗಾರರ ವಿಮೆ ಮಾಡಿಸಬೇಕು, ಮೊದಲ ದಿನವೇ ಕೆಲಸದ ಷರತ್ತುಗಳನ್ನು ಬರೆದುಕೊಡಬೇಕು, ಸಂಬಳದ ಜೊತೆ ಪೇಸ್ಲಿಪ್ ಕೊಡಬೇಕು. ವರ್ಷಕ್ಕೆ 5.6 ವಾರಗಳ ಸಂಬಳ ಸಹಿತ ರಜೆ ನಿಮ್ಮ ಹಕ್ಕು. ಈ ಮಾತು ಎತ್ತಿದ ಕೂಡಲೇ ಮುಖ ಸಣ್ಣ ಮಾಡುವ ಮನೆ ಯಾವುದು, ‘ಹೌದು, ಅದಕ್ಕೆ ಪೇರೋಲ್‌ನವರು ಇದ್ದಾರೆ’ ಅನ್ನುವ ಮನೆ ಯಾವುದು ಅಂತ ಅಲ್ಲಿಯೇ ಗೊತ್ತಾಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಉದಾಹರಣೆಗೆ ಇಲ್ಫರ್ಡಿನ ಒಂದು ಮನೆ ಅಂತ ಇಟ್ಟುಕೊಳ್ಳಿ. 82 ವರ್ಷದ ಅಜ್ಜಿ, ಸ್ಟ್ರೋಕ್ ಆಗಿ ಎಡಭಾಗಕ್ಕೆ ಬಲ ಇಲ್ಲ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ನಮ್ಮ ಒಬ್ಬಳು ತಂಗಿಗೆ ಅವರು ಹೇಳುವುದು: ‘ಇಲ್ಲೇ ಇರು, ರೂಮ್ ಉಂಟು, ನಮ್ಮ ಜೊತೆಗೇ ಊಟ, ಮನೆ ಮಗಳ ಹಾಗೆ ನೋಡ್ತೇವೆ. ವಾರಕ್ಕೆ ಆರು ದಿನ, ದಿನಕ್ಕೆ 70 ಪೌಂಡ್.’ ಊರಿನ ರೂಪಾಯಿಗೆ ಗುಣಿಸಿದರೆ ಕಣ್ಣು ಅರಳುವ ಮೊತ್ತ.

ಈಗ ಕಾನೂನಿನ ಲೆಕ್ಕ. 2026ರ ಏಪ್ರಿಲ್‌ನಿಂದ 21 ವರ್ಷ ಮತ್ತು ಮೇಲ್ಪಟ್ಟವರಿಗೆ ಕನಿಷ್ಠ ವೇತನ ಗಂಟೆಗೆ 12.71 ಪೌಂಡ್. ಅಜ್ಜಿಯ ಕೆಲಸ ದಿನಕ್ಕೆ ಹತ್ತು ಗಂಟೆ ಆದರೆ 127.10 ಪೌಂಡ್ ಆಯಿತು. ರೂಮ್ ಕೊಟ್ಟದ್ದಕ್ಕೆ ಅವರು ಲೆಕ್ಕದಲ್ಲಿ ಕಳೆಯಬಹುದಾದದ್ದು ದಿನಕ್ಕೆ ಹೆಚ್ಚೆಂದರೆ 11.10 ಪೌಂಡ್. ಊಟ ಕೊಟ್ಟೆವು ಅಂತ ಕನಿಷ್ಠ ವೇತನದಿಂದ ಒಂದು ಪೆನ್ನಿಯನ್ನೂ ಕಳೆಯುವಂತಿಲ್ಲ. ಉಳಿಯುವುದು 116 ಪೌಂಡ್. ಅಂದರೆ 70 ಪೌಂಡಿಗೆ ಒಪ್ಪಿದವಳು ದಿನಕ್ಕೆ 46, ವಾರಕ್ಕೆ 276 ಪೌಂಡ್ ಬಿಟ್ಟುಕೊಟ್ಟ ಹಾಗೆ. ನಾಲ್ಕು ವಾರಕ್ಕೆ 1,104 ಪೌಂಡ್.

‘ಮನೆ ಮಗಳ ಹಾಗೆ’ ಅನ್ನುವ ಮಾತಿಗೆ ಬ್ರಿಟನ್ ಕಾನೂನಿನಲ್ಲಿ ಹಿಂದೆ ಒಂದು ಬೆಲೆ ಇತ್ತು, ಅದು ಕೆಲಸಗಾರರ ವಿರುದ್ಧವೇ ಇತ್ತು. ಮನೆಯಲ್ಲೇ ವಾಸ, ಮನೆಯವರ ಜೊತೆ ಊಟ, ಮನೆಯವರಂತೆಯೇ ನಡೆಸಿಕೊಳ್ಳುತ್ತಾರೆ ಅಂತ ತೋರಿಸಿದರೆ ಕನಿಷ್ಠ ವೇತನ ಕೊಡಬೇಕಾಗಿರಲಿಲ್ಲ. 2024ರ ಏಪ್ರಿಲ್ 1ರಿಂದ ಆ ವಿನಾಯಿತಿ ರದ್ದಾಗಿದೆ. ಮಗಳ ಹಾಗೆ ನೋಡಿಕೊಂಡರೆ ಸಂತೋಷ. ಸಂಬಳ ಮಾತ್ರ ಕೆಲಸಗಾರಳ ಹಾಗೆಯೇ ಕೊಡಬೇಕು.

ರಾತ್ರಿಯ ಲೆಕ್ಕ ಬೇರೆ, ಅಲ್ಲಿ ಎಚ್ಚರ ಬೇಕು. ಕೆಲಸದ ಮನೆಯಲ್ಲಿ ಮಲಗಿ, ಕರೆದರೆ ಮಾತ್ರ ಏಳುವ ಏರ್ಪಾಡು ಇದ್ದರೆ, ನಿದ್ದೆಯ ಗಂಟೆಗಳಿಗೆ ಕನಿಷ್ಠ ವೇತನ ಅನ್ವಯಿಸುವುದಿಲ್ಲ ಅಂತ ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಮಾರ್ಚ್‌ನಲ್ಲಿ ಹೇಳಿದೆ. ಎದ್ದು ಕೆಲಸ ಮಾಡಿದ ಸಮಯ ಮಾತ್ರ ಲೆಕ್ಕಕ್ಕೆ. ಅಜ್ಜಿ ರಾತ್ರಿ ಎರಡು ಸಲ ಕರೆದು ಒಟ್ಟು 45 ನಿಮಿಷ ಆದರೆ 9.53 ಪೌಂಡ್ ಸೇರಬೇಕು. ಆದ್ದರಿಂದ ಎರಡು ಕೆಲಸ ಮಾಡಿ. ರಾತ್ರಿ ಮಲಗುವುದಕ್ಕೆ ಪ್ರತ್ಯೇಕ ಮೊತ್ತ ಎಷ್ಟು ಅಂತ ಮೊದಲೇ ಮಾತಾಡಿ ಬರೆಸಿಕೊಳ್ಳಿ. ರಾತ್ರಿ ಎದ್ದಾಗ ಎಷ್ಟು ಹೊತ್ತಿಗೆ ಎದ್ದದ್ದು, ಏನು ಮಾಡಿದ್ದು, ಎಷ್ಟು ಹೊತ್ತಿಗೆ ಮಲಗಿದ್ದು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಅಜ್ಜಿ ಪ್ರತಿ ರಾತ್ರಿ ನಾಲ್ಕೈದು ಸಲ ಏಳುವವರಾದರೆ ಅದು ಮಲಗುವ ಕೆಲಸವೇ ಅಲ್ಲ, ರಾತ್ರಿಗೆ ಎಚ್ಚರ ಇರುವ ಬೇರೆ ಕೆಲಸಗಾರರು ಬೇಕು. ಹಗಲೂ ರಾತ್ರಿಯೂ ಒಬ್ಬಳೇ ಮಾಡಿದರೆ ಮೂರನೇ ವಾರಕ್ಕೆ ಅವಳೇ ರೋಗಿ.

ಮೂರನೆಯ ವಿಷಯ ತರಬೇತಿ. ನಮ್ಮ ಊರಲ್ಲಿ ‘ಹೋಮ್ ನರ್ಸ್’ ಅಂತ ಕರೆಯುವ ಕೆಲಸಕ್ಕೆ ಇಲ್ಲಿ ಹೆಸರು ಕೇರರ್. ನರ್ಸ್ ಆಗಲು ಬೇರೆ ನೋಂದಣಿ ಬೇಕು. ಊರಲ್ಲಿ ಇಂಜೆಕ್ಷನ್ ಕೊಟ್ಟು ಅಭ್ಯಾಸ ಇದ್ದರೂ ಇಲ್ಲಿ ಕೇರರ್ ತನ್ನಷ್ಟಕ್ಕೆ ಕೊಡುವಂತಿಲ್ಲ.

ಇಂಗ್ಲೆಂಡಿನಲ್ಲಿ ಹೊಸ ಕೇರರ್‌ಗಳಿಗೆ ‘ಕೇರ್ ಸರ್ಟಿಫಿಕೇಟ್’ ಅಂತ ಇದೆ. 2015ರಲ್ಲಿ 15 ಪಾಠಗಳಿಂದ ಶುರುವಾದದ್ದು, 2025ರಲ್ಲಿ 16ನೆಯದು ಸೇರಿತು. ಇದರಲ್ಲಿ ಮೋಸ ಆಗುವುದು ಹೇಗೆ ಅಂದರೆ, ‘ಆನ್‌ಲೈನ್‌ನಲ್ಲಿ ಎರಡು ಗಂಟೆ, ಕೇರ್ ಸರ್ಟಿಫಿಕೇಟ್ ಕೈಗೆ’ ಅಂತ ಮಾರುವವರು ಇದ್ದಾರೆ. ಓದುವ ಭಾಗ ಆನ್‌ಲೈನ್ ಆಗಬಹುದು. ಆದರೆ ನೀವು ನಿಜವಾಗಿ ರೋಗಿಯ ಕೆಲಸ ಮಾಡುವುದನ್ನು ಬಲ್ಲವರು ನಿಂತು ನೋಡಿ ಸಹಿ ಹಾಕದೆ ಅದು ಪೂರ್ತಿಯಾಗುವುದಿಲ್ಲ. ಹಾಗಾಗಿ ಅದು ಕೆಲಸಕ್ಕೆ ಸೇರಿದ ಮೇಲೆ ಸಿಗುವಂಥದ್ದು. ಅಪರಾಧ ದಾಖಲೆ ಪರಿಶೀಲನೆಯೂ, ಡಿಬಿಎಸ್ ಅನ್ನುತ್ತಾರಲ್ಲ, ಏಜೆನ್ಸಿ ಕೆಲಸದಲ್ಲಿ ಏಜೆನ್ಸಿಯ ಮೂಲಕವೇ ನಡೆಯುತ್ತದೆ. ಊರಲ್ಲಿ ಕೂತು ಇದಕ್ಕೆಲ್ಲ ಹಣ ಕಟ್ಟಬೇಡಿ.

ನೇರ ಮನೆ ಕೆಲಸದಲ್ಲಿ ಕಲಿಸುವವರು ಯಾರೂ ಇಲ್ಲದೆ ಹೋಗಬಹುದು. ಅಪಾಯ ಇರುವುದು ಇಲ್ಲಿ. ಅದೇ ಇಲ್ಫರ್ಡಿನ ಅಜ್ಜಿಯನ್ನೇ ತೆಗೆದುಕೊಳ್ಳಿ. ಅವರನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸಬೇಕು. ಮಗ ಹೇಳುತ್ತಾನೆ, ‘ಕಂಕುಳಿಗೆ ಕೈ ಹಾಕಿ ಎತ್ತಿದರಾಯಿತು, ನಾನು ಹಾಗೇ ಮಾಡೋದು.’ ಸ್ಟ್ರೋಕ್ ಆದ ಬದಿಯ ಭುಜವನ್ನು ಸ್ನಾಯುಗಳು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಕಂಕುಳಿಂದ ಎತ್ತಿದರೆ, ಕೈ ಹಿಡಿದು ಎಳೆದರೆ ಭುಜ ಜಾರಬಹುದು. ಎತ್ತಿದವಳ ಸೊಂಟವೂ ಹೋಗುತ್ತದೆ. ಇದಕ್ಕೆ ಸರಿಯಾದ ದಾರಿ ಏನೆಂದರೆ, ಕೌನ್ಸಿಲ್ ಅಥವಾ ಎನ್‌ಎಚ್‌ಎಸ್‌ನ ಆಕ್ಯುಪೇಷನಲ್ ಥೆರಪಿಸ್ಟ್ ಬಂದು ನೋಡಿ, ಹೋಯಿಸ್ಟ್ ಬೇಕಾ, ಸ್ಲೈಡ್ ಶೀಟ್ ಸಾಕಾ, ಒಬ್ಬರು ಸಾಕಾ, ಇಬ್ಬರು ಬೇಕಾ ಅಂತ ಬರೆದುಕೊಡಬೇಕು. ಆ ಕಾಗದ ಇದೆಯಾ ಅಂತ ಮೊದಲ ಭೇಟಿಯಲ್ಲೇ ಕೇಳಿ. ‘ಇಬ್ಬರು ಬೇಕು’ ಅಂತ ಬರೆದ ಕಡೆ ಒಬ್ಬರೇ ಮಾಡಬೇಡಿ. ಹೋಯಿಸ್ಟ್ ಇದ್ದರೆ ಅದರ ಮೇಲೆ ತಪಾಸಣೆಯ ಸ್ಟಿಕರ್ ನೋಡಿ. ಜನರನ್ನು ಎತ್ತುವ ಯಂತ್ರವನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕು.

ಇನ್ನೊಂದು ಅಪಾಯ ಪ್ರೀತಿಯಿಂದಲೇ ಬರುತ್ತದೆ. ಸ್ಟ್ರೋಕ್ ಆದವರಿಗೆ ನುಂಗುವುದು ಕಷ್ಟ ಇರಬಹುದು. ಅಂಥವರಿಗೆ ನೀರು, ಚಹಾಕ್ಕೆ ಪುಡಿ ಹಾಕಿ ದಪ್ಪ ಮಾಡಿ ಕೊಡಲು ಥೆರಪಿಸ್ಟ್ ಹೇಳಿರುತ್ತಾರೆ. ಅಜ್ಜಿ ‘ಒಂದು ಗುಟುಕು ಒಳ್ಳೆ ಚಾ ಕೊಡು’ ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಕೇಳಿದಾಗ ನಮ್ಮವರ ಮನಸ್ಸು ಕರಗುತ್ತದೆ. ಆ ಗುಟುಕು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಕುಡಿದ ಮೇಲೆ ಕೆಮ್ಮು ಬಂದರೆ, ಗಂಟಲಲ್ಲಿ ನೀರು ನಿಂತ ಹಾಗೆ ಸ್ವರ ಒದ್ದೆಯಾಗಿ ಕೇಳಿದರೆ ನಿಲ್ಲಿಸಿ, ಬರೆದಿಡಿ, ಮನೆಯವರಿಗೂ ಡಾಕ್ಟರಿಗೂ ತಿಳಿಸಿ.

ಹಾಸಿಗೆ ಹುಣ್ಣಿನ ಬಗ್ಗೆಯೂ ಒಂದು ಮಾತು. ಹಿಮ್ಮಡಿ, ಸೊಂಟದ ಕೆಳಗಿನ ಎಲುಬು, ತೊಡೆಯ ಪಕ್ಕ, ಇಷ್ಟನ್ನು ದಿನಾ ನೋಡಬೇಕು. ಪುಸ್ತಕದಲ್ಲಿ ‘ಕೆಂಪಾದರೆ’ ಅಂತ ಬರೆದಿರುತ್ತದೆ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದು. ಕೈಯಿಂದ ಮುಟ್ಟಿ ನೋಡಿ. ಸುತ್ತಲಿನ ಚರ್ಮಕ್ಕಿಂತ ಬಿಸಿ ಇದ್ದರೆ, ಗಟ್ಟಿ ಅಥವಾ ತೀರಾ ಮೆತ್ತಗಿದ್ದರೆ, ಬಣ್ಣ ಹೆಚ್ಚು ಕಪ್ಪಾಗಿದ್ದರೆ ಅವತ್ತೇ ಡಿಸ್ಟ್ರಿಕ್ಟ್ ನರ್ಸ್‌ಗೆ ಹೇಳಿಸಿ.

ಮಾತ್ರೆಗಳ ವಿಷಯದಲ್ಲಿ ಚಾರ್ಟಿನಲ್ಲಿ ಇರುವುದನ್ನು ಮಾತ್ರ, ಇರುವ ಹೊತ್ತಿಗೆ ಕೊಡಿ, ಕೊಟ್ಟ ಕೂಡಲೇ ಗುರುತು ಹಾಕಿ. ನುಂಗಲಾಗುವುದಿಲ್ಲ ಅಂತ ಪುಡಿ ಮಾಡಬೇಡಿ, ಕೆಲವು ಮಾತ್ರೆ ಪುಡಿಯಾದರೆ ಅಪಾಯ. ರಂಝಾನಿನಲ್ಲಿ ರೋಗಿ ಉಪವಾಸ ಹಿಡಿಯುತ್ತೇನೆ ಅಂದರೆ ಮಾತ್ರೆಯ ಹೊತ್ತನ್ನು ನೀವಾಗಿ ಬದಲಿಸಬೇಡಿ. ತಿಂಗಳು ಶುರುವಾಗುವ ಮೊದಲೇ ಮನೆಯವರು ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಜೊತೆ ಮಾತಾಡಲಿ.

ಒಪ್ಪಿಕೊಳ್ಳುವ ಮೊದಲು ಒಮ್ಮೆ ಮನೆಗೆ ಹೋಗಿ ನೋಡಿ ಬನ್ನಿ, ಜೊತೆಗೆ ಒಬ್ಬರು ಇರಲಿ. ರೋಗಿಯ ಜೊತೆಗೇ ಮಾತಾಡಿ. ಹಿಂದಿನ ಕೇರರ್ ಯಾಕೆ ಬಿಟ್ಟರು ಅಂತ ಕೇಳಿ. ಮಲಗುವ ಕೋಣೆಗೆ ಬಾಗಿಲು, ಚಿಲಕ ಇದೆಯಾ ನೋಡಿ. ರೋಗಿ ಗಂಡಸಾಗಿದ್ದರೆ ಸ್ನಾನ ಯಾರು ಮಾಡಿಸುವುದು, ನಮಾಝಿನ ಹೊತ್ತು, ಹಲಾಲ್ ಅಲ್ಲದ್ದನ್ನು ಅಡುಗೆ ಮಾಡಬೇಕಾಗುತ್ತದಾ, ಇದೆಲ್ಲ ಮೊದಲೇ ಮಾತಾಗಿ ಕಾಗದಕ್ಕೆ ಬರಲಿ. ಸೇರಿದ ಮೇಲೆ ಮುನಿಸಿಕೊಳ್ಳುವುದಕ್ಕಿಂತ ಅದು ಒಳ್ಳೆಯದು. ಪಾಸ್‌ಪೋರ್ಟನ್ನು ‘ಜಾಗ್ರತೆಗೆ ನಾವು ಇಟ್ಟುಕೊಳ್ತೇವೆ’ ಅನ್ನುವ ಮನೆಗೆ ಹೋಗಲೇಬೇಡಿ. ನಿಮಗೆ ಕೆಲಸದ ಹಕ್ಕು ಇದೆಯಾ ಅಂತ ಪರಿಶೀಲಿಸಲು ಅವರಿಗೆ ಬೇಕಾದದ್ದು ಸರ್ಕಾರದ ವೆಬ್‌ಸೈಟಿನಿಂದ ನೀವು ತೆಗೆದುಕೊಡುವ ಶೇರ್ ಕೋಡ್. ಪಾಸ್‌ಪೋರ್ಟ್ ಅಲ್ಲ.

ನಂಬಿಕೆ ಎರಡೂ ಕಡೆಯದ್ದು. ರೋಗಿಯ ಬ್ಯಾಂಕ್ ಕಾರ್ಡಿನ ಪಿನ್ ಕೇಳಬೇಡಿ, ಅವರೇ ಹೇಳಿದರೂ ಬೇಡ ಅನ್ನಿ. ಅಂಗಡಿಗೆ ಹಣ ಕೊಟ್ಟರೆ ರಸೀದಿ, ಚಿಲ್ಲರೆ ಎರಡನ್ನೂ ಬರೆದು ಒಪ್ಪಿಸಿ. ಬಳೆ, ಸರ ಉಡುಗೊರೆ ಕೊಟ್ಟರೆ ಮಕ್ಕಳಿಗೆ ತಿಳಿಯದೆ ತೆಗೆದುಕೊಳ್ಳಬೇಡಿ. ಮಲಗಿದವರ ಮನೆ ನಮ್ಮ ಕೈಯಲ್ಲಿರುವ ಅಮಾನತ್.

ಗಲ್ಫಿನಲ್ಲಿ ಮನೆಕೆಲಸದಲ್ಲಿ ಇರುವ ನಮ್ಮವರಿಗೆ ಒಂದು ವಿಶೇಷ ಮಾತು. ಬೇಸಿಗೆಯಲ್ಲಿ ಅರಬಿ ಕುಟುಂಬಗಳು ವಯಸ್ಸಾದವರ ಜೊತೆ ಕೆಲಸದವರನ್ನೂ ಲಂಡನ್ನಿಗೆ ಕರೆದುಕೊಂಡು ಬರುತ್ತಾರೆ. ಅವರು ಬರುವ ಮನೆಕೆಲಸದ ವೀಸಾ ಆರು ತಿಂಗಳಿಗೆ ಮಾತ್ರ, ಮುಂದುವರಿಸಲು ಆಗುವುದಿಲ್ಲ. ಆದರೆ ಆ ಆರು ತಿಂಗಳ ಒಳಗೆ ಯಜಮಾನರನ್ನು ಬಿಟ್ಟು ಬೇರೆ ಮನೆಯಲ್ಲಿ ಮನೆಕೆಲಸಕ್ಕೆ ಸೇರುವ ಹಕ್ಕು ಇದೆ. ಲಂಡನ್ನಿನಲ್ಲಿ ಇರುವಷ್ಟು ದಿನ ಬ್ರಿಟನ್ನಿನ ಕನಿಷ್ಠ ವೇತನವೇ ಅನ್ವಯ, ಗಲ್ಫಿನ ಸಂಬಳ ಅಲ್ಲ. ಕಷ್ಟವಾದರೆ 1987ರಿಂದ ಇಂಥ ಮನೆಕೆಲಸದವರಿಗಾಗಿಯೇ ಇರುವ ‘ಕಲಯಾನ್’ ಅನ್ನುವ ಸಂಸ್ಥೆ ಲಂಡನ್ನಿನಲ್ಲಿದೆ. ಕೂಡಿ ಹಾಕಿದರೆ, ಬೆದರಿಸಿದರೆ 08000 121 700ಕ್ಕೆ ಕರೆ ಮಾಡಬಹುದು. ಸಂಬಳದ ತಕರಾರಿಗೆ ಏಕಾಸ್ ಸಹಾಯವಾಣಿ 0300 123 1100. ಪ್ರಾಣಕ್ಕೆ ಅಪಾಯವಾದರೆ 999.

ಕೊನೆಗೆ, ಲಂಡನ್ನಿನಲ್ಲಿ ಸ್ವಂತ ಮನೆ ಮಾಡಿ, ಊರಿನಿಂದ ಉಮ್ಮ, ಬಾಪರನ್ನು ಕರೆಸಿಕೊಂಡಿರುವ ನಮ್ಮ ಸಮುದಾಯದವರಿಗೂ ಇದೇ ಮಾತು ಹೇಳಬೇಕು. ನಿಮ್ಮ ತಾಯಿಗೆ ಬ್ಯಾರಿ ಭಾಷೆ ಗೊತ್ತಿರುವ, ಅವರ ರುಚಿ ತಿಳಿದ ಒಬ್ಬಳು ಬೇಕು ಅಂತ ನೀವು ಬಯಸುವುದು ಸಹಜ. ಆ ತಿಳಿವಳಿಕೆಗೆ ಬೆಲೆ ಇದೆ. ‘ನಮ್ಮವಳೇ ಅಲ್ವಾ, ಸ್ವಲ್ಪ ಕಡಿಮೆಗೆ ಬರ್ತಾಳೆ’ ಅನ್ನುವುದು ಅದರ ಬೆಲೆ ಅಲ್ಲ. ಮನೆಯವರಿಂದ ಗಂಟೆ, ಸಂಬಳ, ರಾತ್ರಿ, ರಜೆ ಬರೆದ ಒಂದು ಕಾಗದ ಬಾರದೆ ಯಾರನ್ನೂ ಯಾರ ಮನೆಗೂ ಪರಿಚಯ ಮಾಡಿಕೊಡಬಾರದು ಅನ್ನುವುದು ನಮ್ಮ ನಿಲುವು. ನೀವೂ ಊರಿನ ಒಬ್ಬಳಿಗೆ ಒಂದು ಮನೆ ತೋರಿಸುವ ಮೊದಲು ಆ ಕಾಗದ ಕೇಳಿ. ಬೆವರು ಆರುವ ಮೊದಲು ಕೂಲಿ ಕೊಡಿ ಅಂತ ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಎಷ್ಟು ಕೂಲಿ ಅಂತ ಮೊದಲೇ ಬರೆದಿದ್ದರೆ ತಾನೇ ಅದನ್ನು ಕೊಟ್ಟದ್ದೂ, ಕೊಡದೆ ಹೋದದ್ದೂ ಗೊತ್ತಾಗುವುದು.